ಸರಳವಾಗಿ ಬರೆದರೆ ಸಲಹೆಯ ತೂಕ ಕಡಿಮೆ ಆಗುತ್ತಾ?

ಪ್ರಶ್ನೆ: ವ್ಯಾಪಾರಿ ಕಕ್ಷಿದಾರರಿಗೆ ಕೊಡುವ ಸಲಹಾ ಟಿಪ್ಪಣಿಯನ್ನು ಆಡುಮಾತಿನಲ್ಲಿ ಬರೆದರೆ ಅದರ ಕಾನೂನಿನ ತೂಕ ಹೋಗಲ್ವಾ?
– ಕಿರಿಯ ವಕೀಲರೊಬ್ಬರು, ಶಿವಮೊಗ್ಗ

ಉತ್ತರ: ಇಲ್ಲ. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಹಾಗಾಗಿ ಈ ಸಲ ಬಿಡಿಸಿ ಹೇಳುತ್ತೇನೆ. ಆ ಟಿಪ್ಪಣಿಯನ್ನು ನ್ಯಾಯಾಧೀಶರು ಓದುವುದಿಲ್ಲ. ಎದುರು ಪಾರ್ಟಿಯೂ ಓದುವುದಿಲ್ಲ. ಓದುವುದು ಮಂಡಿಯಲ್ಲಿ ಕೂತ ಅಡಿಕೆ ವ್ಯಾಪಾರಿ. ಲೀಗಲ್ ನೋಟಿಸ್, ಫಿರ್ಯಾದು ಬೇರೆ. ಅವುಗಳ ಭಾಷೆಯನ್ನೇ ಇಲ್ಲಿಗೂ ತಂದರೆ ಕಕ್ಷಿದಾರ ‘ನೀವೇ ನೋಡ್ಕೊಳ್ಳಿ ಸಾರ್’ ಅಂತ ಎದ್ದು ಹೋಗುತ್ತಾನೆ. ತೀರ್ಮಾನ ಮಾತ್ರ ಆಗಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಡಿಕೆ ಕಳಿಸಿದ್ದಕ್ಕೆ ಬಂದ 6 ಲಕ್ಷದ ಚೆಕ್ ಬೌನ್ಸ್ ಆಗಿದೆ. ಟಿಪ್ಪಣಿಯಲ್ಲಿ ಹೀಗಿದೆ: ‘ಕಲಂ 138ರಡಿ ನಿಗದಿತ ಕಾಲಾವಧಿಯಲ್ಲಿ ನೋಟಿಸ್ ಜಾರಿಗೊಳಿಸಿ ಫಿರ್ಯಾದು ದಾಖಲಿಸಬಹುದು, ಪರ್ಯಾಯವಾಗಿ ವಸೂಲಾತಿ ದಾವೆ ಹೂಡಬಹುದು, ಎರಡರಲ್ಲೂ ಸಾಧಕ ಬಾಧಕಗಳಿವೆ.’

ಯಾವತ್ತಿನೊಳಗೆ? ಯಾವ ಬಾಧಕ? ಎಷ್ಟು ಖರ್ಚು? ಒಂದಕ್ಕೂ ಉತ್ತರ ಇಲ್ಲ. ಈಗ ಇದನ್ನು ಓದಿ:

‘ಬ್ಯಾಂಕಿನ ಮೆಮೊ ನಿಮಗೆ ಸಿಕ್ಕಿದ್ದು ಜೂನ್ 3. ಜುಲೈ 3ರೊಳಗೆ ನೋಟಿಸ್ ಕಳಿಸಲೇಬೇಕು. ನೋಟಿಸ್ ಅವರ ಕೈಸೇರಿದ ಮೇಲೆ 15 ದಿನ ಅವರಿಗೆ ಸಮಯ. ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಚೆಕ್ ಕೇಸ್ ಹಾಕಬೇಕು. ಅವರು “ಅದು ಸೆಕ್ಯುರಿಟಿಗೆ ಕೊಟ್ಟ ಚೆಕ್” ಅನ್ನಬಹುದು. ಅದಕ್ಕೇ ಬಿಲ್ಲು, ತೂಕದ ಚೀಟಿ, ಲಾರಿ ರಸೀದಿ ತನ್ನಿ. ವಸೂಲಿ ದಾವೆಯನ್ನೂ ಜೊತೆಗೇ ಹಾಕಬಹುದು. ಆದರೆ ತುರ್ತು ಆದೇಶ ಬೇಡದಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕು. ಕೇಳುವ ಹಣಕ್ಕೆ ತಕ್ಕ ಕೋರ್ಟ್ ಫೀ ಕೂಡ ಕಟ್ಟಬೇಕು. ಚೆಕ್ ಕೇಸಿಗೆ ಆ ಲೆಕ್ಕದ ಫೀ ಇಲ್ಲ.’

ಇದರಲ್ಲಿ ಕಾನೂನು ಎಲ್ಲಿ ತೆಳುವಾಯಿತು? ಬದಲಿಗೆ ತಾರೀಖು ಬಂದಿದೆ. ‘ಬಹುದು’ ಯಾವುದಕ್ಕೆ, ‘ಲೇಬೇಕು’ ಯಾವುದಕ್ಕೆ ಅನ್ನುವುದು ಬೇರೆ ಬೇರೆಯಾಗಿದೆ. ಸರಳ ಮಾಡುವಾಗ ನಿಜವಾದ ತಪ್ಪು ಆಗುವುದು ಇಲ್ಲೇ. ಈ ಎರಡು ಪದ ಅದಲುಬದಲಾದರೆ ಕಕ್ಷಿದಾರ ಗಡುವು ಕಳೆದುಕೊಳ್ಳುತ್ತಾನೆ. ಕಲಂ 138 ಅನ್ನುವುದನ್ನು ಬೇಕಾದರೆ ಕೊನೆಯಲ್ಲಿ ಒಂದು ಸಾಲಲ್ಲಿ ಹಾಕಿ.

ಖರ್ಚನ್ನು ಮಾತ್ರ ಮೂರು ಭಾಗ ಮಾಡಿ ಬರೆಯಿರಿ: ಈಗ ಎಷ್ಟು, ಕೇಸ್ ನಡೆಯುವಾಗ ಎಷ್ಟು, ಸೋತರೆ ಎಷ್ಟು. ಮೂರನೆಯದನ್ನು ಬಹಳ ಜನ ಬರೆಯುವುದೇ ಇಲ್ಲ.

ಯಾರೂ ಕೇಳದ ಇನ್ನೊಂದು ಮಾತು. ಟಿಪ್ಪಣಿ ಅರ್ಥವಾದ ಕೂಡಲೇ ವ್ಯಾಪಾರಿಗಳು ಅದನ್ನು ವಾಟ್ಸಾಪ್‌ನಲ್ಲಿ ಎದುರು ಪಾರ್ಟಿಗೇ ಕಳಿಸಿ ‘ನೋಡಿ, ವಕೀಲರು ಹೀಗಂದಿದ್ದಾರೆ’ ಅನ್ನುತ್ತಾರೆ. ವಕೀಲ ಮತ್ತು ಕಕ್ಷಿದಾರರ ಮಾತಿಗೆ ಕಾನೂನಿನ ರಕ್ಷಣೆ ಇದೆ. ಆದರೆ ಕಕ್ಷಿದಾರನೇ ಕಳಿಸಿದರೆ ಅವನ ಕೇಸಿನ ದುರ್ಬಲ ಜಾಗ ಎದುರು ಪಾರ್ಟಿಗೆ ಗೊತ್ತಾಗುತ್ತದೆ. ಹಾಗಾಗಿ ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯಿರಿ: ‘ಇದು ನಿಮಗೆ ಮಾತ್ರ, ಯಾರಿಗೂ ಫಾರ್ವರ್ಡ್ ಮಾಡಬೇಡಿ.’