ಗಿಫ್ಟ್ ಕಾರ್ಡಿನ ಹಣ ಗಲ್ಲಾದಲ್ಲಿದೆ, ಮಾರಾಟ ಇನ್ನೂ ಆಗಿಲ್ಲ

ತುಮಕೂರಿನ ಒಂದು ಸೀರೆ ಅಂಗಡಿಯ ಲೆಕ್ಕಪತ್ರಗಳನ್ನು ನಾನು ಕೆಲವು ವರ್ಷಗಳಿಂದ ನೋಡುತ್ತಿದ್ದೇನೆ. ಅಣ್ಣತಮ್ಮಂದಿರು ಪಾಲುದಾರರಾಗಿ ನಡೆಸುವ ಮಳಿಗೆ ಅದು. ಒಂದು ಫೆಬ್ರವರಿಯಲ್ಲಿ ಹಿರಿಯ ಪಾಲುದಾರರು ಬಹಳ ಬೇಸರದಿಂದ ನನ್ನ ಕಚೇರಿಗೆ ಬಂದರು. ಮಾಘಮಾಸದ ಮದುವೆಗಳಿಂದಾಗಿ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ, ಕಪಾಟುಗಳು ಖಾಲಿಯಾಗುತ್ತಿವೆ, ಆದರೆ ಮಾರಾಟದ ಮೊತ್ತ ಮಾತ್ರ ಏರುತ್ತಿಲ್ಲ ಎಂಬುದು ಅವರ ಅಳಲು. "ಸರಕು ಹೋಗ್ತಾ ಇದೆ ಸಾರ್, ದುಡ್ಡು ಬರ್ತಾ ಇಲ್ಲ. ಕೌಂಟರಿನ ಹುಡುಗರ ಮೇಲೆ ಅನುಮಾನ ಬಂದಿದೆ" ಎಂದರು. ಅನುಮಾನ ಯಾರ ಮೇಲೂ ಬೀಳುವ ಮೊದಲು ಬಿಲ್ಲುಗಳನ್ನು ನೋಡೋಣ ಎಂದು ನಾನು ಕೇಳಿಕೊಂಡೆ. ಬಿಲ್ಲುಗಳನ್ನು ತೆರೆದಾಗ ಹುಡುಗರ ತಪ್ಪು ಏನೂ ಇರಲಿಲ್ಲ. ತಪ್ಪು ಇದ್ದದ್ದು ಹಿಂದಿನ ಅಕ್ಟೋಬರಿನ ಜಮಾಖರ್ಚಿನಲ್ಲಿ.

ದೀಪಾವಳಿಗೆ ಮುಂಚೆ ಅವರು ಮೊದಲ ಬಾರಿಗೆ ಗಿಫ್ಟ್ ಕಾರ್ಡ್ ಮಾಡಿಸಿದ್ದರು. ತಲಾ 1,000 ರೂಪಾಯಿಯ 400 ಕಾರ್ಡುಗಳು ಮಾರಾಟವಾಗಿ ನಾಲ್ಕು ಲಕ್ಷ ರೂಪಾಯಿ ಕೈಗೆ ಬಂದಿತ್ತು. ಬಹುಪಾಲು ಕಾರ್ಡುಗಳನ್ನು ಸಣ್ಣ ಕಾರ್ಖಾನೆಗಳವರು ತಮ್ಮ ಕೆಲಸಗಾರರಿಗೆ ಹಬ್ಬದ ಉಡುಗೊರೆಯಾಗಿ ಕೊಡಲು ಕೊಂಡಿದ್ದರು. ಲೆಕ್ಕ ಬರೆಯುವವರು ಆ ನಾಲ್ಕು ಲಕ್ಷವನ್ನು ಅಕ್ಟೋಬರಿನ ಮಾರಾಟಕ್ಕೆ ಸೇರಿಸಿದರು. ಮುಂದೆ ಕಾರ್ಡು ಹಿಡಿದುಕೊಂಡು ಬಂದವರಿಗೆ ಸೀರೆ ಕೊಟ್ಟಾಗ, ಹಣ ಮೊದಲೇ ಬಂದಿದೆಯಲ್ಲ ಎಂಬ ಎಣಿಕೆಯಿಂದ, ಬಿಲ್ಲಿನಲ್ಲಿ ಕಾರ್ಡಿನ ಮೊತ್ತವನ್ನು ರಿಯಾಯಿತಿ ಎಂದು ಕಳೆದರು. ಹೀಗಾಗಿ ಅಕ್ಟೋಬರಿನಲ್ಲಿ ಒಂದು ಗಜ ಬಟ್ಟೆಯೂ ಕಪಾಟಿನಿಂದ ಇಳಿಯದೆ ನಾಲ್ಕು ಲಕ್ಷದ ಮಾರಾಟ ಕಾಣಿಸಿತು. ಜನವರಿ, ಫೆಬ್ರವರಿಯಲ್ಲಿ ಸರಕು ಇಳಿಯಿತು, ಮಾರಾಟ ಕಾಣಿಸಲಿಲ್ಲ. ಅಕ್ಟೋಬರಿನ ಲಾಭವನ್ನು ನಂಬಿ ಪಾಲುದಾರರು ಹಬ್ಬದ ಖರ್ಚಿಗೆ ಹಣ ತೆಗೆದೂ ಆಗಿತ್ತು.

ಕಾರ್ಡಿನ ಹಣ ಏನು ಎಂಬುದನ್ನು ವಿವರಿಸಲು ನಾನು ಅವರ ಅಂಗಡಿಯ ಉದ್ರಿ ಪುಸ್ತಕವನ್ನೇ ತೆಗೆದುಕೊಂಡೆ. ಗಿರಾಕಿ ಸೀರೆ ಒಯ್ದು ಹಣ ಆಮೇಲೆ ಕೊಡುವುದಾದರೆ ಅವರ ಹೆಸರಿನಲ್ಲಿ ಉದ್ರಿ ಬರೆಯುತ್ತೇವೆ. ಅದು ಗಿರಾಕಿ ಅಂಗಡಿಗೆ ಕೊಡಬೇಕಾದ ಬಾಕಿ. ಗಿಫ್ಟ್ ಕಾರ್ಡಿನಲ್ಲಿ ಇದು ತಿರುಗುಮುರುಗಾಗುತ್ತದೆ. ಹಣ ಮೊದಲು ಬಂದಿದೆ, ಸೀರೆ ಇನ್ನೂ ಹೋಗಿಲ್ಲ, ಆದ್ದರಿಂದ ಈಗ ಉದ್ರಿ ಇರುವುದು ಅಂಗಡಿಯ ಮೇಲೆ. ಕಾರ್ಡು ಹಿಡಿದವರು ಯಾವ ದಿನ ಬಂದು ಕೇಳಿದರೂ ಅಷ್ಟು ಬೆಲೆಯ ಸರಕು ಕೊಡಲು ಅಂಗಡಿ ಬಾಧ್ಯವಾಗಿರುತ್ತದೆ. ಲೆಕ್ಕಶಾಸ್ತ್ರದಲ್ಲಿ ಇದನ್ನೇ ಮುಂದೂಡಿದ ಆದಾಯ ಎನ್ನುತ್ತೇವೆ. ಹೆಸರಿನಲ್ಲಿ ಆದಾಯ ಎಂಬ ಮಾತಿದ್ದರೂ ಸರಕು ಕೈಸೇರುವ ತನಕ ಅದು ಬ್ಯಾಲೆನ್ಸ್ ಶೀಟಿನ ಹೊಣೆಗಾರಿಕೆಗಳ ಸಾಲಿನಲ್ಲಿಯೇ ಇರಬೇಕು. ಕಂಪನಿಗಳ ಬ್ಯಾಲೆನ್ಸ್ ಶೀಟಿನಲ್ಲಿಯೂ ಮುಂಗಡವಾಗಿ ಬಂದ ಆದಾಯವು ಇತರ ಚಾಲ್ತಿ ಹೊಣೆಗಳ ಜೊತೆಗೆ ಬರುತ್ತದೆ.

ಆಗ ಅವರು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಸಾವಿರ ರೂಪಾಯಿಯ ಸೀರೆಗೆ ತಮಗೆ ಬೀಳುವ ಅಸಲು ಸುಮಾರು ಏಳುನೂರು, ಹಾಗಿರುವಾಗ ಹೊಣೆಯನ್ನು ಏಳುನೂರಕ್ಕೆ ಬರೆದರೆ ಸಾಲದೇ ಎಂದರು. ಸಾಲುವುದಿಲ್ಲ. ಹೊಣೆಯನ್ನು ಅಳೆಯುವುದು ಗಿರಾಕಿಯಿಂದ ಪಡೆದ ಮೊತ್ತದಿಂದ, ಸರಕಿನ ಅಸಲಿನಿಂದ ಅಲ್ಲ. ಉಳಿದ ಮುನ್ನೂರು ರೂಪಾಯಿ, ಸೀರೆಯನ್ನು ತೋರಿಸಿ, ಒಪ್ಪಿಸಿ, ಗಿರಾಕಿಯ ಕೈಗೆ ಕೊಟ್ಟದ್ದಕ್ಕೆ ದೊರೆಯುವ ಗಳಿಕೆ. ಆ ಕೆಲಸ ನಡೆಯುವ ಮುಂಚೆ ಗಳಿಕೆಯನ್ನು ಬರೆದುಕೊಳ್ಳುವಂತಿಲ್ಲ.

ಒಂದು ಬಿಲ್ಲನ್ನು ಮಾತ್ರ ಎದುರಿಗಿಟ್ಟುಕೊಂಡು ಸರಿಯಾದ ಜಮಾಖರ್ಚನ್ನು ಬರೆದು ತೋರಿಸಿದೆ. ಸೀರೆಯ ಬೆಲೆ 2,800 ರೂಪಾಯಿ, ಅದರ ಮೇಲೆ ಶೇಕಡ 5ರ ಜಿಎಸ್‌ಟಿ 140 ರೂಪಾಯಿ, ಒಟ್ಟು 2,940 ರೂಪಾಯಿ. ಗಿರಾಕಿ ಎರಡು ಕಾರ್ಡು ಕೊಟ್ಟು ಮಿಕ್ಕ 940 ರೂಪಾಯಿಯನ್ನು ಯುಪಿಐ ಮೂಲಕ ಕೊಟ್ಟಿದ್ದರು. ಕಾರ್ಡು ಮಾರಿದ ದಿನ ಬ್ಯಾಂಕ್ ಖಾತೆಗೆ 2,000 ಬಂದಿದೆ, ಅಷ್ಟೇ ಮೊತ್ತವನ್ನು ಗಿಫ್ಟ್ ಕಾರ್ಡ್ ಹೊಣೆ ಎಂಬ ಖಾತೆಗೆ ಜಮಾ ಮಾಡಬೇಕು. ಆ ದಿನ ಮಾರಾಟವೂ ಇಲ್ಲ, ತೆರಿಗೆಯೂ ಇಲ್ಲ. ಸೀರೆ ಕೊಟ್ಟ ದಿನ ಆ ಹೊಣೆ ಖಾತೆಯಿಂದ 2,000 ಕಳೆಯುತ್ತದೆ, ಬ್ಯಾಂಕಿಗೆ 940 ಬರುತ್ತದೆ, ಮಾರಾಟಕ್ಕೆ 2,800 ಮತ್ತು ಕಟ್ಟಬೇಕಾದ ತೆರಿಗೆಗೆ 140 ಜಮಾ ಆಗುತ್ತದೆ. ಕಾರ್ಡು ಇಲ್ಲಿ ಹಣ ಪಾವತಿಯ ಒಂದು ಬಗೆ ಮಾತ್ರ. ಅದನ್ನು ರಿಯಾಯಿತಿಯ ಸಾಲಿನಲ್ಲಿ ತೋರಿಸಿದ ಕೂಡಲೇ ಸೀರೆಯ ಬೆಲೆಯೇ 2,000 ರೂಪಾಯಿ ಇಳಿದಂತಾಗಿ, ತೆರಿಗೆಯೂ ಅದರ ಜೊತೆಗೆ ಕುಗ್ಗಿಬಿಡುತ್ತದೆ.

ಈ ಅಂಗಡಿಯಲ್ಲಿ ಆದದ್ದೂ ಅದೇ. ಕಾರ್ಡು ಮಾರುವಾಗ ತೆರಿಗೆ ಇಲ್ಲ ಎಂದು ಅವರಿಗೆ ಯಾರೋ ಸರಿಯಾಗಿಯೇ ಹೇಳಿದ್ದರು. 2024ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿಯ 55ನೇ ಸಭೆಯ ಬಳಿಕ ಹೊರಟ ಸುತ್ತೋಲೆಯು ಗಿಫ್ಟ್ ಕಾರ್ಡಿನಂಥ ವೋಚರಿನ ವಹಿವಾಟನ್ನು ಸರಕಿನ ಪೂರೈಕೆಯೂ ಅಲ್ಲ, ಸೇವೆಯ ಪೂರೈಕೆಯೂ ಅಲ್ಲ ಎಂದು ಸ್ಪಷ್ಟಪಡಿಸಿತು. ವೋಚರಿಗೆ ತೆರಿಗೆ ಯಾವಾಗ ಎಂದು ಹೇಳುತ್ತಿದ್ದ ಉಪಕಲಮುಗಳನ್ನು 2025ರ ಹಣಕಾಸು ಕಾಯ್ದೆ ಕೈಬಿಟ್ಟಿತು. ಆದರೆ ಆ ಮಾತಿನ ಮುಂದಿನ ಭಾಗವಾದ, ಕಾರ್ಡಿನಿಂದ ಕೊಂಡ ಸರಕಿನ ಮೇಲೆ ಪೂರ್ತಿ ತೆರಿಗೆ ಇದೆ ಎಂಬುದು ಅವರ ಕಿವಿಗೆ ಬಿದ್ದಿರಲಿಲ್ಲ. ಕಾರ್ಡು ಮಾರಿದಾಗಲೂ ತೆರಿಗೆ ಹೋಗಿರಲಿಲ್ಲ, ಸೀರೆ ಕೊಟ್ಟಾಗಲೂ ಹೋಗಿರಲಿಲ್ಲ.

ಮಾರ್ಚ್ 31ರ ಲೆಕ್ಕ ಮುಗಿಸುವ ಹೊತ್ತಿಗೆ ಕಾರ್ಡು ಬಳಸಿದ ಎಲ್ಲ ಬಿಲ್ಲುಗಳನ್ನೂ ಹೊರತೆಗೆದು ಕೂಡಿಸಿದೆವು. ನಾಲ್ಕು ಲಕ್ಷದಲ್ಲಿ ಬಳಕೆಯಾಗಿದ್ದು 2,76,000 ರೂಪಾಯಿ. ಇದರಲ್ಲಿ ತೆರಿಗೆಯೂ ಸೇರಿದೆ. ಬೇರ್ಪಡಿಸಿದರೆ ಮಾರಾಟ 2,62,857 ರೂಪಾಯಿ, ತೆರಿಗೆ 13,143 ರೂಪಾಯಿ. ಉಳಿದ 1,24,000 ರೂಪಾಯಿ ಇನ್ನೂ ಅಂಗಡಿಯ ಮೇಲಿನ ಹೊಣೆ. ಅಂದರೆ ಪುಸ್ತಕದಲ್ಲಿದ್ದ ಮಾರಾಟ ನಿಜಕ್ಕಿಂತ 1,37,143 ರೂಪಾಯಿ ಹೆಚ್ಚಾಗಿತ್ತು. ಬಿಟ್ಟುಹೋದ ತೆರಿಗೆಯನ್ನು ವರ್ಷಕ್ಕೆ ಶೇಕಡ 18ರ ಬಡ್ಡಿಯೊಂದಿಗೆ ಕಟ್ಟಿಸಿದೆ.

ಖಾತೆಯ ಒಟ್ಟು ಮೊತ್ತ ಸರಿಯಾದರೆ ಕೆಲಸ ಮುಗಿಯಲಿಲ್ಲ. ಹೊಣೆ ಎನ್ನುವುದು 1,24,000 ರೂಪಾಯಿಯ ಒಂದು ಗಂಟಲ್ಲ, ಬೇರೆ ಬೇರೆ ಜನರ ಜೇಬಿನಲ್ಲಿರುವ ಕಾರ್ಡುಗಳ ಬಾಕಿಗಳ ಮೊತ್ತ. ಆದ್ದರಿಂದ ಪ್ರತಿ ಕಾರ್ಡಿನ ಸಂಖ್ಯೆ, ಮಾರಿದ ದಿನ, ಬಂದ ಹಣ, ಬಳಸಿದ ಬಿಲ್ಲು ಮತ್ತು ಉಳಿದ ಬಾಕಿಯ ಪಟ್ಟಿಯೊಂದು ಬೇಕು. ಆ ಪಟ್ಟಿಯ ಕೊನೆಯ ಮೊತ್ತವೂ ಖಾತೆಯ ಬಾಕಿಯೂ ತಿಂಗಳ ಕೊನೆಗೆ ಒಂದೇ ಆಗಬೇಕು. ಇಲ್ಲಿ ಬಿಲ್ಲಿಂಗ್ ಯಂತ್ರದ ಕಾರ್ಡ್ ಪಟ್ಟಿ 1,22,400 ಎಂದು ತೋರಿಸಿತು. 1,600 ರೂಪಾಯಿ ವ್ಯತ್ಯಾಸ. ಸಣ್ಣ ಮೊತ್ತವೆಂದು ಬಿಡಲು ನನಗೆ ಮನಸ್ಸು ಬರಲಿಲ್ಲ, ಏಕೆಂದರೆ ಅದು ಯಾರದೋ ಹಣ. ಹುಡುಕಿದಾಗ ಎರಡು ಕಾರಣ ಸಿಕ್ಕವು. ಒಂದು ಕಾರ್ಡನ್ನು ಹಬ್ಬದ ಗದ್ದಲದಲ್ಲಿ ನಗದಿಗೆ ಮಾರಿದ್ದರು, ಯಂತ್ರದಲ್ಲಿ ಚಾಲೂ ಮಾಡಿರಲಿಲ್ಲ. ಹಣ ಖಾತೆಯಲ್ಲಿತ್ತು, ಕಾರ್ಡು ಪಟ್ಟಿಯಲ್ಲಿರಲಿಲ್ಲ. ಇನ್ನೊಂದು ಕಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು 400 ರೂಪಾಯಿಯ ರವಿಕೆ ಬಟ್ಟೆ ಮಾತ್ರ ತೆಗೆದುಕೊಂಡಿದ್ದರು, ಕೌಂಟರಿನವರು ಕಾರ್ಡನ್ನೇ ಪೂರ್ತಿ ಮುಗಿಸಿಬಿಟ್ಟಿದ್ದರು. ಪಟ್ಟಿ ಇಲ್ಲದೆ ಹೋಗಿದ್ದರೆ ಅವರ 600 ರೂಪಾಯಿ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎರಡೂ ಕಾರ್ಡುಗಳನ್ನು ಪಟ್ಟಿಗೆ ಸೇರಿಸಿ, ಬಿಲ್ಲಿನಲ್ಲಿದ್ದ ಸಂಖ್ಯೆಗೆ ಫೋನ್ ಮಾಡಿಸಿದೆವು.

ಇದೇ ಪಟ್ಟಿಯಲ್ಲಿ ಮೊದಲು ಇನ್ನೊಂದು ಬಗೆಯ ಕೂಪನ್ನುಗಳೂ ನುಸುಳಿದ್ದವು. ಹಬ್ಬಕ್ಕೆ ಪುಕ್ಕಟೆಯಾಗಿ ಹಂಚಿದ 200 ರೂಪಾಯಿಯ ಕೂಪನ್ನಿಗೆ ಯಾರೂ ಹಣ ಕೊಟ್ಟಿಲ್ಲವಾದ್ದರಿಂದ ಅದು ಈ ಖಾತೆಗೆ ಬರುವುದಿಲ್ಲ. ಬಳಸಿದ ದಿನ ಅದು ನಿಜವಾಗಿಯೂ ರಿಯಾಯಿತಿಯೇ. ಮೊತ್ತಗಳನ್ನು ಹೋಲಿಸುವ ಮುಂಚೆಯೇ ಅವನ್ನು ಬೇರೆ ಮಾಡಿಸಿದ್ದೆ.

ಇನ್ನು ಉಳಿದದ್ದು ಎಂದೂ ಬಳಕೆಯಾಗದ ಕಾರ್ಡುಗಳ ಪ್ರಶ್ನೆ. ಕಳೆದುಹೋದವು, ಬೀರುವಿನಲ್ಲಿ ಮರೆತವು, ಹತ್ತಿಪ್ಪತ್ತು ರೂಪಾಯಿ ಉಳಿದು ಬಿಟ್ಟವು ಎಲ್ಲ ಊರಿನಲ್ಲೂ ಇರುತ್ತವೆ. ದೊಡ್ಡ ಕಂಪನಿಗಳು 2018ರ ಏಪ್ರಿಲ್‌ನಿಂದ ಪಾಲಿಸುತ್ತಿರುವ ಇಂಡ್ ಎಎಸ್ 115 ಎಂಬ ಲೆಕ್ಕಮಾನದಂಡದಲ್ಲಿ ಇದಕ್ಕೆ ಕ್ರಮವಿದೆ. ಹಲವು ವರ್ಷಗಳ ಅನುಭವದಿಂದ ಶೇಕಡ 8ರಷ್ಟು ಕಾರ್ಡಿನ ಹಣ ಬಳಕೆಯಾಗುವುದೇ ಇಲ್ಲ ಎಂದು ಕಂಪನಿಗೆ ಗಟ್ಟಿಯಾಗಿ ಗೊತ್ತಿದೆ ಎಂದಿಟ್ಟುಕೊಳ್ಳಿ. ನಾಲ್ಕು ಲಕ್ಷದಲ್ಲಿ ಅದು 32,000 ರೂಪಾಯಿ, ಬಳಕೆಯಾಗಬಹುದಾದ್ದು 3,68,000. ಈ ವರ್ಷ 2,76,000 ಬಳಕೆಯಾಗಿದ್ದರೆ ನಿರೀಕ್ಷೆಯ ಮುಕ್ಕಾಲು ಭಾಗ ಆದಂತಾಯಿತು, ಆದ್ದರಿಂದ 32,000ದ ಮುಕ್ಕಾಲು ಭಾಗವಾದ 24,000 ರೂಪಾಯಿಯನ್ನು ಈ ವರ್ಷದ ಆದಾಯಕ್ಕೆ ತರಬಹುದು, ಹೊಣೆ ಒಂದು ಲಕ್ಷಕ್ಕೆ ನಿಲ್ಲುತ್ತದೆ. ಅಂಥ ಅನುಭವ ಇಲ್ಲದವರು, ಕಾರ್ಡು ಹಿಡಿದವರು ಬರುವ ಸಂಭವ ತೀರಾ ದೂರವಾಗುವ ತನಕ ಒಂದು ರೂಪಾಯಿಯನ್ನೂ ಮುಟ್ಟುವಂತಿಲ್ಲ. ಬಳಸದೆ ಉಳಿದ ಮೊತ್ತಕ್ಕೆ ಜಿಎಸ್‌ಟಿ ಇಲ್ಲ ಎಂದು ಅದೇ ಸುತ್ತೋಲೆ ಹೇಳಿದೆ, ಅಲ್ಲಿ ಯಾವ ಸರಕೂ ಕೈಬದಲಾಗಿಲ್ಲ.

ನಮ್ಮ ಸೀರೆ ಅಂಗಡಿ ಪಾಲುದಾರಿಕೆಯದಾದ್ದರಿಂದ ಈ ಮಾನದಂಡ ಅವರಿಗೆ ಅನ್ವಯಿಸುವುದಿಲ್ಲ, ಆದರೂ ಎಚ್ಚರದ ಅಳತೆ ಒಂದೇ. ಮೊದಲ ವರ್ಷವಾದ್ದರಿಂದ ಅಂದಾಜಿಗೆ ಆಧಾರವಿರಲಿಲ್ಲ, 1,24,000 ಪೂರ್ತಿ ಹೊಣೆಯಾಗಿ ಉಳಿಯಿತು. ಕಾರ್ಡಿನ ಹಿಂಬದಿಯಲ್ಲಿ ಹನ್ನೆರಡು ತಿಂಗಳ ಅವಧಿ ಅಚ್ಚಾಗಿದೆ, ಅವಧಿ ಮುಗಿದ ದಿನ ಉಳಿದದ್ದನ್ನೆಲ್ಲ ಆದಾಯಕ್ಕೆ ಹಾಕಬಹುದಲ್ಲವೇ ಎಂದು ಕಿರಿಯ ಪಾಲುದಾರರು ಕೇಳಿದರು. ಅವಧಿ ಮುಗಿದ ಕಾರ್ಡು ತಂದವರನ್ನು ಬರಿಗೈಯಲ್ಲಿ ಕಳಿಸುತ್ತೀರಾ ಎಂದು ನಾನು ಮರುಪ್ರಶ್ನೆ ಹಾಕಿದೆ. ಅಣ್ಣನವರು ತಲೆಯಾಡಿಸಿ, "ಅದಾಗಲ್ಲ ಸಾರ್, ಊರಿನವರು. ಕೊಡ್ತೀವಿ" ಎಂದರು. ಹಾಗೆ ಕೊಡುವ ವಾಡಿಕೆ ಇರುವಷ್ಟು ಕಾಲ ಅಚ್ಚಾದ ದಿನಾಂಕಕ್ಕೆ ನನ್ನ ಲೆಕ್ಕದಲ್ಲಿ ಬೆಲೆ ಇಲ್ಲ. ಅವಧಿ ಕಳೆದ ಮೇಲೆ ಎಷ್ಟು ಕಾರ್ಡು ಬಂದವು ಎಂಬುದನ್ನು ಪಟ್ಟಿಯಲ್ಲಿ ಬೇರೆ ಅಂಕಣದಲ್ಲಿ ಬರೆಯುತ್ತಾ ಹೋಗಲು ಹೇಳಿದ್ದೇನೆ. ಎರಡು ಮೂರು ದೀಪಾವಳಿಗಳ ನಂತರ ಆ ಅಂಕಣ ಖಾಲಿ ಉಳಿಯತೊಡಗಿದರೆ, ಯಾವ ಕಾರ್ಡುಗಳನ್ನು ಹೊಣೆಯಿಂದ ಇಳಿಸಬಹುದು ಎಂದು ಆಗ ಕೂತು ನೋಡುತ್ತೇವೆ.