ಹಸಿರು ದೀಪ ಅಳೆಯದ ನಡಿಗೆ: ಚಿಪ್ ಕಾಯುವ ಅಟ್ಟೆಯ ಹಿನ್ನೆಲೆ

ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೋರ್ಡ್ ಜೋಡಿಸುವ ವಿಭಾಗದ ಬಾಗಿಲ ಬಳಿ, ನೆಲದ ಮೇಲೆ ಎರಡು ಲೋಹದ ತಟ್ಟೆಗಳಿರುತ್ತವೆ. ಕೆಲಸಕ್ಕೆ ಬಂದವರು ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಂತು, ಎದುರಿನ ಗುಂಡಿಯ ಮೇಲೆ ಬೆರಳಿಡುತ್ತಾರೆ. ಯಂತ್ರ ಬೆರಳಿನಿಂದ ಸಣ್ಣ ವಿದ್ಯುತ್ ಹರಿಸಿ, ಅದು ಮೈ, ಪಾದ, ಕಾಲುಚೀಲ ಮತ್ತು ಅಟ್ಟೆಯನ್ನು ದಾಟಿ ತಟ್ಟೆಗೆ ಬರಲು ಎಷ್ಟು ರೋಧ ಎದುರಿಸಿತು ಎಂದು ಅಳೆಯುತ್ತದೆ. ಮಿತಿಯೊಳಗಿದ್ದರೆ ಹಸಿರು ದೀಪ ಹೊತ್ತುತ್ತದೆ, ಒಳಗೆ ಹೋಗಬಹುದು.

ಆ ದೀಪ ಅಳೆದದ್ದು ನಿಂತಿರುವ ಮನುಷ್ಯನನ್ನು. ಒಳಗೆ ಹೋದ ಮೇಲೆ ಅವರು ನಡೆಯುತ್ತಾರೆ. ಚಿಪ್ ಕೆಡಿಸುವ ಸ್ಥಾಯಿ ವಿದ್ಯುತ್ ಮೈಯಲ್ಲಿ ಹುಟ್ಟುವುದೇ ನಡೆಯುವಾಗ, ಅದನ್ನು ನೆಲಕ್ಕೆ ಸೋರಿಸುವುದೇ ಅಟ್ಟೆಯ ಕೆಲಸ. ಈ ಸಣ್ಣ ವ್ಯತ್ಯಾಸ ನಿಯಮಗಳ ಪುಸ್ತಕದಲ್ಲಿ ಪೂರ್ತಿಯಾಗಿ ಜಾಗ ಪಡೆಯಲು ಬಹಳ ಕಾಲ ಹಿಡಿಯಿತು.

ವಿದ್ಯುತ್ ಹರಿಯಗೊಡುವ ಪಾದರಕ್ಷೆ ಚಿಪ್‌ಗಳಿಗಾಗಿ ಹುಟ್ಟಿದ್ದಲ್ಲ. ಅದಕ್ಕೆ ಮೊದಲು ಇದು ಸ್ಫೋಟಕ ತಯಾರಿಸುವಲ್ಲಿ ಮತ್ತು ಆಸ್ಪತ್ರೆಯ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಬಳಕೆಯಲ್ಲಿತ್ತು. ಅರಿವಳಿಕೆಗೆ ಬಳಸುತ್ತಿದ್ದ ಈಥರ್ ಉರಿಯುವ ವಸ್ತು. 1930ರ ದಶಕದಲ್ಲಿ ಬಳಕೆಗೆ ಬಂದ ಸೈಕ್ಲೋಪ್ರೊಪೇನ್ ಅನಿಲವೂ ಹಾಗೆಯೇ. ಇವು ಆಮ್ಲಜನಕದೊಂದಿಗೆ ಬೆರೆತಾಗ ಒಂದು ಕಿಡಿ ಸಾಕು, ರೋಗಿಯ ಮುಖದ ಬಳಿಯೇ ಸ್ಫೋಟ. ಉಣ್ಣೆಯ ಹೊದಿಕೆ ಎಳೆದಾಗ, ರಬ್ಬರ್ ಅಟ್ಟೆಯಲ್ಲಿ ಓಡಾಡಿದಾಗ ಮೈಯಲ್ಲಿ ಸೇರುವ ಸ್ಥಾಯಿ ವಿದ್ಯುತ್ತಿಗೆ ಅಂಥ ಕಿಡಿ ಹಾರಿಸುವಷ್ಟು ಬಲವಿತ್ತು. ಆದ್ದರಿಂದ ವಿದ್ಯುತ್ ಹರಿಯುವ ನೆಲಹಾಸು ಬಂತು, ಅದಕ್ಕೆ ತಕ್ಕ ಬೂಟು ಬಂತು. ಅಮೆರಿಕದ ಅಗ್ನಿಸುರಕ್ಷಾ ನಿಯಮ ಆ ನೆಲದ ರೋಧಕ್ಕೆ ಎರಡು ಗಡಿ ಹಾಕಿತ್ತು: 10 ಲಕ್ಷ ಓಮ್‌ಗಿಂತ ಕಡಿಮೆ, 25,000 ಓಮ್‌ಗಿಂತ ಹೆಚ್ಚು. ಮೇಲಿನ ಗಡಿ ಕಿಡಿಯನ್ನು ತಡೆಯಲು. ಕೆಳಗಿನದು, ಕೆಟ್ಟ ಉಪಕರಣದ ತಂತಿ ತಾಗಿದರೆ ನೆಲದ ಮೂಲಕ ಮಾರಕ ವಿದ್ಯುತ್ ಹರಿಯದಿರಲು.

1956ರಲ್ಲಿ ಉರಿಯದ ಅರಿವಳಿಕೆಯಾದ ಹ್ಯಾಲೊಥೇನ್ ಬಳಕೆಗೆ ಬಂತು, ಆಸ್ಪತ್ರೆಗಳಿಗೆ ಈ ಬೂಟಿನ ಅಗತ್ಯ ಕ್ರಮೇಣ ಕುಗ್ಗಿತು. ಮೂರು ವರ್ಷಗಳ ನಂತರ, 1959ರಲ್ಲಿ, ಬೆಲ್ ಲ್ಯಾಬ್ಸ್‌ನ ಮೊಹಮದ್ ಅಟಲ್ಲಾ ಮತ್ತು ಡಾವನ್ ಕಾಂಗ್, ಇಂದಿನ ಚಿಪ್‌ಗಳ ಮೂಲ ಘಟಕವಾದ ಮಾಸ್ ಟ್ರಾನ್ಸಿಸ್ಟರ್ ಕೆಲಸ ಮಾಡುವುದನ್ನು ತೋರಿಸಿದರು. ಅದೇ ಬೂಟು ಕಾರ್ಖಾನೆಗೆ ಬರಲು ಈ ಟ್ರಾನ್ಸಿಸ್ಟರೇ ಕಾರಣವಾಯಿತು.

ಮಾಸ್ ಟ್ರಾನ್ಸಿಸ್ಟರಿನ ಹೃದಯದಲ್ಲಿ ಗಾಜಿನಂಥ ತೆಳು ಪದರವೊಂದಿದೆ. ಅದು ಸಿಲಿಕಾನ್ ಡೈಆಕ್ಸೈಡ್, ವಿದ್ಯುತ್ತನ್ನು ದಾಟಗೊಡದ ವಸ್ತು. ಸೆಂಟಿಮೀಟರ್ ದಪ್ಪಕ್ಕೆ ಸುಮಾರು ಒಂದು ಕೋಟಿ ವೋಲ್ಟ್ ತಡೆಯಬಲ್ಲದು ಎಂದರೆ ಗಟ್ಟಿ ಎನಿಸುತ್ತದೆ. ಆದರೆ ಪದರದ ದಪ್ಪ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗವಾದರೆ ಅದೇ ಲೆಕ್ಕದಲ್ಲಿ ಸುಮಾರು 100 ವೋಲ್ಟಿಗೆ ತೂತಾಗುತ್ತದೆ. ಪದರ ತೆಳುವಾದಂತೆ ಈ ಅಂಕಿ ಇನ್ನೂ ಇಳಿಯುತ್ತದೆ. ಚಿಪ್ ಮಾಡುವವರು ಅದರ ಲೋಹದ ಕಾಲುಗಳ ಪಕ್ಕದಲ್ಲೇ ರಕ್ಷಣಾ ಡಯೋಡ್‌ಗಳನ್ನು ಇಟ್ಟರು. ಅವು ಹೊಡೆತವನ್ನು ಬದಿಗೆ ತಿರುಗಿಸುತ್ತವೆ, ಆದರೆ ಒಂದು ಮಿತಿಯವರೆಗೆ ಮಾತ್ರ.

ಈಗ ಮನುಷ್ಯನ ಕಡೆ ನೋಡಿ. ಬಾಗಿಲ ಹಿಡಿ ಮುಟ್ಟಿದಾಗ ಚುರುಕ್ ಎನ್ನುವ ಆ ಅನುಭವಕ್ಕೆ ಮೈಯಲ್ಲಿ ಸುಮಾರು 3,000 ವೋಲ್ಟ್ ಬೇಕು. ಅದಕ್ಕಿಂತ ಕಡಿಮೆ ಇದ್ದರೆ ನಮಗೆ ಏನೂ ತಿಳಿಯುವುದಿಲ್ಲ. ಎಂದರೆ 500 ವೋಲ್ಟ್ ಹೊತ್ತ ಬೆರಳು ಚಿಪ್ ಒಂದನ್ನು ಕೊಂದರೂ ಬೆರಳಿನ ಒಡೆಯರಿಗೆ ಸುಳಿವು ಸಿಗುವುದಿಲ್ಲ. ಕೆಲಸಗಾರರ ಅಜಾಗರೂಕತೆ ಎಂದು ದೂರುವುದು ನನಗೆ ಅನ್ಯಾಯವಾಗಿ ಕಾಣುವುದು ಇದಕ್ಕೇ. ಇಂದ್ರಿಯಕ್ಕೆ ನಿಲುಕದ್ದನ್ನು ಎಷ್ಟು ಎಚ್ಚರವಾಗಿದ್ದರೂ ತಪ್ಪಿಸಲಾಗದು. ಅದನ್ನು ಅವರ ಪರವಾಗಿ ಅಟ್ಟೆ ಮತ್ತು ನೆಲವೇ ಮಾಡಬೇಕು. ಸಾಯದೆ ಬರೀ ಗಾಯಗೊಂಡ ಚಿಪ್ ಇನ್ನೂ ಕಷ್ಟ ಕೊಡುತ್ತದೆ. ಕಾರ್ಖಾನೆಯ ಪರೀಕ್ಷೆಯಲ್ಲಿ ಪಾಸಾಗಿ, ಕೊಂಡವರ ಕೈಯಲ್ಲಿ ಕೆಲವು ತಿಂಗಳ ನಂತರ ಕೆಡಬಹುದು.

ಒಂದು ನಡಿಗೆಯನ್ನು ಲೆಕ್ಕ ಹಾಕಿ ನೋಡೋಣ. ಎರಡು ವಸ್ತುಗಳು ತಾಗಿ ಬೇರ್ಪಟ್ಟಾಗ ಒಂದರಿಂದ ಇನ್ನೊಂದಕ್ಕೆ ಸ್ವಲ್ಪ ವಿದ್ಯುತ್ ಚಾರ್ಜ್ ಹೋಗುತ್ತದೆ. ಅಟ್ಟೆ ನೆಲದಿಂದ ಏಳುವುದೂ ಅಂಥದೇ ಬೇರ್ಪಡುವಿಕೆ. ಈ ಕ್ಷೇತ್ರದಲ್ಲಿ ಮನುಷ್ಯನ ಮೈಯನ್ನು ಚಾರ್ಜ್ ಕೂಡಿಟ್ಟುಕೊಳ್ಳುವ, 100 ಪಿಕೋಫ್ಯಾರಡ್‌ನ ಒಂದು ಕೆಪಾಸಿಟರ್ ಎಂದು ಎಣಿಸುವುದು ವಾಡಿಕೆ. ಒಂದು ಹೆಜ್ಜೆಗೆ 50 ನ್ಯಾನೋಕೂಲಂಬ್ ಚಾರ್ಜ್ ಸೇರಿತೆಂದು ಇಟ್ಟುಕೊಂಡರೆ, ಮೈಯ ವೋಲ್ಟೇಜು 500ಕ್ಕೆ ಏರುತ್ತದೆ. ಮುಂದಿನ ಪ್ರಶ್ನೆ, ಅದು ಎಷ್ಟು ಬೇಗ ಇಳಿಯುತ್ತದೆ? ದಾರಿಯ ರೋಧವನ್ನು ಮೈಯ ಕೆಪಾಸಿಟೆನ್ಸ್‌ನಿಂದ ಗುಣಿಸಿದರೆ ಚಾರ್ಜ್ ಮೂರನೇ ಒಂದು ಭಾಗದಷ್ಟಕ್ಕೆ ಇಳಿಯಲು ಬೇಕಾದ ಕಾಲ ಸುಮಾರಾಗಿ ಸಿಗುತ್ತದೆ. ಸಾಧಾರಣ ರಬ್ಬರ್ ಅಟ್ಟೆಯ ರೋಧ ಒಂದು ಲಕ್ಷ ಕೋಟಿ ಓಮ್ ಇದ್ದರೆ ಅದಕ್ಕೆ 100 ಸೆಕೆಂಡು ಬೇಕು. ಮುಂದಿನ ಹೆಜ್ಜೆ ಅರ್ಧ ಸೆಕೆಂಡಿನಲ್ಲಿ ಬೀಳುತ್ತದೆ, ಹಾಗಾಗಿ ಚಾರ್ಜ್ ಹೆಜ್ಜೆಯ ಮೇಲೆ ಹೆಜ್ಜೆ ಪೇರುತ್ತಾ ಹೋಗುತ್ತದೆ. ದಾರಿಯ ರೋಧ 100 ಕೋಟಿ ಓಮ್ ಆದರೆ ಕಾಲ ಸೆಕೆಂಡಿನ ಹತ್ತನೇ ಒಂದು ಭಾಗ. 3.5 ಕೋಟಿ ಓಮ್, ಅಂದರೆ 35 ಮೆಗಾ ಓಮ್ ಆದರೆ ಮೂರೂವರೆ ಮಿಲಿಸೆಕೆಂಡು. ಕಾಲು ಪೂರ್ತಿ ಮೇಲೇಳುವ ಮೊದಲೇ, ಹುಟ್ಟುತ್ತಿರುವ ಚಾರ್ಜ್ ಇನ್ನೊಂದು ಕಾಲಿನಿಂದ ನೆಲಕ್ಕೆ ಸೋರಿಹೋಗುತ್ತದೆ.

ಅಟ್ಟೆಗೆ ಈ ಗುಣ ಬರುವುದು ಕಾರ್ಬನ್ ಬ್ಲಾಕ್ ಎಂಬ ನುಣ್ಣನೆಯ ಮಸಿಯಿಂದ. ರಬ್ಬರ್ ಅಥವಾ ಪಾಲಿಯುರೆಥೇನ್‌ಗೆ ಅದನ್ನು ಬೆರೆಸಿದಾಗ, ಮೊದಮೊದಲು ಏನೂ ಆಗುವುದಿಲ್ಲ. ಕಣಗಳು ದೂರದೂರ ಇರುತ್ತವೆ. ಒಂದು ಪ್ರಮಾಣ ದಾಟಿದೊಡನೆ ಕಣಕ್ಕೆ ಕಣ ತಾಗಿ ಸರಪಳಿಗಳು ಕೂಡಿಕೊಳ್ಳುತ್ತವೆ, ರೋಧ ಥಟ್ಟನೆ ಬಿದ್ದುಹೋಗುತ್ತದೆ.

ನಡೆಯುತ್ತಿರುವಾಗ ಇನ್ನೊಂದು ಕಾಲಿನಿಂದ ಸೋರಿಹೋಗುತ್ತದೆ ಎಂದೆನಲ್ಲ, ಎಲ್ಲ ಎಡವಟ್ಟೂ ಇರುವುದು ಆ ‘ಇನ್ನೊಂದು ಕಾಲು’ ಎಂಬಲ್ಲಿ. ಬಹಳ ಕಾರ್ಖಾನೆಗಳಲ್ಲಿ ಪೂರ್ತಿ ಬೂಟಿನ ಬದಲು ಹೀಲ್ ಸ್ಟ್ರ್ಯಾಪ್ ಕೊಡುತ್ತಾರೆ. ಸ್ವಂತ ಬೂಟಿನ ಹಿಮ್ಮಡಿಗೆ ಸುತ್ತುವ ಕಪ್ಪು ರಬ್ಬರ್ ಪಟ್ಟಿ ಅದು. ಅದರಿಂದ ಹೊರಟ ಒಂದು ಪಟ್ಟಿಯ ತುದಿಯನ್ನು ಕಾಲುಚೀಲದೊಳಗೆ ಅಥವಾ ಪಾದದಡಿಗೆ ತೂರಿಸಬೇಕು. ಅಗ್ಗ, ಸುಲಭ, ಅತಿಥಿಗಳಿಗಂತೂ ಅನುಕೂಲ. ಒಂದೇ ಕಾಲಿಗೆ ಕಟ್ಟಿದರೆ ಆ ಕಾಲು ಗಾಳಿಯಲ್ಲಿರುವಾಗೆಲ್ಲ ಮೈಗೆ ನೆಲದ ಸಂಪರ್ಕವಿಲ್ಲ ಎಂಬುದು ಯಾರಿಗೂ ಹೊಳೆಯುತ್ತದೆ. ಎರಡೂ ಕಾಲಿಗೆ ಕಟ್ಟಿದರೆ ಆಯಿತಲ್ಲ ಎನ್ನಬಹುದು. ನಿಧಾನವಾಗಿ ನಡೆದು ನೋಡಿ. ಮುಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವ ಮೊದಲೇ ಹಿಂದಿನ ಕಾಲಿನ ಹಿಮ್ಮಡಿ ಎದ್ದಿರುತ್ತದೆ. ಆ ಕ್ಷಣ ಇಡೀ ಮೈ ಹಿಂದಿನ ಕಾಲಿನ ಮುಂಗಾಲ ಮೇಲೆ ನಿಂತಿರುತ್ತದೆ, ಎರಡು ಹಿಮ್ಮಡಿಗಳೂ ಗಾಳಿಯಲ್ಲಿ. ಪ್ರತಿ ಹೆಜ್ಜೆಗೂ ಸೆಕೆಂಡಿನ ಒಂದೆರಡು ದಶಾಂಶದಷ್ಟು ಹೊತ್ತು ಪಟ್ಟಿ ಇದ್ದೂ ಇಲ್ಲದಂತೆ. ಆಗಲೇ ಅಟ್ಟೆ ನೆಲದಿಂದ ಬಿಡಿಸಿಕೊಳ್ಳುತ್ತಿರುತ್ತದೆ, ಚಾರ್ಜ್ ಹುಟ್ಟುತ್ತಿರುತ್ತದೆ. ಜೊತೆಗೆ, ಕಾಲು ಮೇಲೆದ್ದಾಗ ಮೈಯ ಕೆಪಾಸಿಟೆನ್ಸ್ ಕುಗ್ಗುವುದರಿಂದ ಇದ್ದ ಚಾರ್ಜ್‌ಗೇ ವೋಲ್ಟೇಜು ಏರುತ್ತದೆ.

ಬಾಗಿಲ ಬಳಿಯ ತಟ್ಟೆಯ ಮೇಲೆ ಇದೇ ವ್ಯಕ್ತಿ ಹಿಮ್ಮಡಿಯೂರಿ ನಿಂತಿದ್ದರು. ದೀಪ ಸುಳ್ಳು ಹೇಳಲಿಲ್ಲ, ಅದನ್ನು ಕೇಳಿದ ಪ್ರಶ್ನೆಯೇ ಬೇರೆ. ಪೂರ್ತಿ ಅಟ್ಟೆಯೇ ವಿದ್ಯುತ್ ಹರಿಸುವ ಬೂಟಿನಲ್ಲಿ ಈ ತೊಡಕಿಲ್ಲ. ಮುಂಗಾಲು ತಾಗಿರುವವರೆಗೂ ದಾರಿ ತೆರೆದಿರುತ್ತದೆ.

ನಿಯಮಗಳು ಇಲ್ಲಿಗೆ ಬಂದು ಮುಟ್ಟಿದ್ದು ಹಂತಹಂತವಾಗಿ. 1970ರ ದಶಕದ ಕೊನೆಗೆ ಸ್ಥಾಯಿ ವಿದ್ಯುತ್ತಿನ ಹಾನಿ ಎಷ್ಟು ಕಾಡುತ್ತಿತ್ತೆಂದರೆ 1979ರಲ್ಲಿ ಅದಕ್ಕಾಗಿಯೇ ವಾರ್ಷಿಕ ವಿಚಾರಗೋಷ್ಠಿ ಶುರುವಾಯಿತು, 1980ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಮಾನದಂಡ ಹೊರಡಿಸಿತು, 1982ರಲ್ಲಿ ಸ್ಥಾಯಿ ವಿದ್ಯುತ್ತಿನ ಹೊಡೆತವನ್ನೇ ಕುರಿತ ಇ.ಎಸ್.ಡಿ. ಅಸೋಸಿಯೇಷನ್ ಸ್ಥಾಪನೆಯಾಯಿತು. ಆ ಸಂಸ್ಥೆಯ ಎಸ್20.20 ಮಾನದಂಡದ ಮೊದಲ ಆವೃತ್ತಿ 1999ರದು. ಮೊದಲು ಅದರಲ್ಲಿ ಎರಡು ದಾರಿಗಳಿದ್ದವು. ಮನುಷ್ಯ, ಬೂಟು, ನೆಲ ಮೂರೂ ಸೇರಿದ ರೋಧ 35 ಮೆಗಾ ಓಮ್‌ಗಿಂತ ಕಡಿಮೆ ಇದ್ದರೆ ಅಷ್ಟೇ ಸಾಕಿತ್ತು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ನಡೆಸಿ ನೋಡಿ, ಮೈಯ ವೋಲ್ಟೇಜು 100 ದಾಟುವುದಿಲ್ಲವೆಂದು ತೋರಿಸಬೇಕಿತ್ತು. 2014ರ ಆವೃತ್ತಿ ಮೊದಲ ದಾರಿಯನ್ನು ಮುಚ್ಚಿತು. ಈಗ ರೋಧ 100 ಕೋಟಿ ಓಮ್‌ಗಿಂತ ಕಡಿಮೆ ಇರಬೇಕು, ಜೊತೆಗೆ ನಡಿಗೆಯ ಪರೀಕ್ಷೆಯೂ ಆಗಲೇಬೇಕು. ನಿಂತಾಗಿನ ಒಳ್ಳೆಯ ಅಂಕಿ ನಡಿಗೆಯ ಬಗ್ಗೆ ಭರವಸೆ ಕೊಡುವುದಿಲ್ಲ ಎಂಬುದನ್ನು ಕೊನೆಗೂ ಒಪ್ಪಿಕೊಂಡಂತಾಯಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಸರಿಯಾದ ಹೆಜ್ಜೆ ಎನಿಸಿದ್ದು ಇದು.

ಆ ಪರೀಕ್ಷೆ ಸರಳ. ಕೈಯಲ್ಲಿ ಲೋಹದ ಹಿಡಿಯೊಂದನ್ನು ಹಿಡಿದು, ಅದರ ತಂತಿಯನ್ನು ವೋಲ್ಟೇಜು ದಾಖಲಿಸುವ ಉಪಕರಣಕ್ಕೆ ಜೋಡಿಸಿ, ನಿಜವಾದ ಕೆಲಸದ ನೆಲದ ಮೇಲೆ ನಿಜವಾದ ಬೂಟಿನಲ್ಲಿ ನಡೆಯುವುದು. ಪರದೆಯ ಮೇಲೆ ಹೆಜ್ಜೆಗೊಂದು ಶಿಖರ ಮೂಡುತ್ತದೆ. ಶಿಖರಗಳು ಕುಳ್ಳಗಿದ್ದು ಸೊನ್ನೆಗೆ ಮರಳುತ್ತಿದ್ದರೆ ದಾರಿ ಚೆನ್ನಾಗಿದೆ. ಒಂದು ಬಿಟ್ಟೊಂದು ಶಿಖರ ಎತ್ತರವಾಗಿದ್ದರೆ ಒಂದು ಕಾಲಿನ ದಾರಿಯನ್ನು ಅನುಮಾನಿಸಬೇಕು. ಬುಡವೇ ಮೆಟ್ಟಿಲಂತೆ ಏರುತ್ತಿದ್ದರೆ ಚಾರ್ಜ್ ಸೋರುತ್ತಿಲ್ಲ. ಬಹಳ ಸಲ ಅಂಥ ಕಡೆ ನೆಲದ ಮೇಲೆ ಯಾರೋ ಹಚ್ಚಿದ ಸಾಧಾರಣ ಮೇಣದ ಪಾಲಿಶ್ ಇರುತ್ತದೆ, ಇಲ್ಲವೇ ಅಟ್ಟೆಗೆ ಕೊಳೆ ಮೆತ್ತಿರುತ್ತದೆ.

ದಿನನಿತ್ಯ ಕಾಣುವ ತೊಂದರೆಗಳು ಇನ್ನೂ ಸಾದಾ. ಒಣ ಹವೆಯ ಬೆಳಗ್ಗೆ ಬೂಟು ಹಾಕಿದೊಡನೆ ತಟ್ಟೆ ಹತ್ತಿದರೆ ಕೆಂಪು ದೀಪ ಬರುವುದುಂಟು, ಹತ್ತು ನಿಮಿಷ ಬಿಟ್ಟು ಬಂದರೆ ಹಸಿರು. ಪಾದದ ಬೆವರು ಕಾಲುಚೀಲ ಮತ್ತು ಒಳಹಾಸನ್ನು ತುಸು ಒದ್ದೆ ಮಾಡುವವರೆಗೆ ಚರ್ಮಕ್ಕೂ ಅಟ್ಟೆಗೂ ಸಂಪರ್ಕ ಕೂಡುವುದಿಲ್ಲ. ಕಾಲು ನೋಯುತ್ತದೆಂದು ಬೂಟಿನೊಳಗೆ ಮೆತ್ತನೆಯ ಸ್ಪಂಜಿನ ಒಳಹಾಸು ಹಾಕಿಕೊಂಡವರಿಗೆ ಹಸಿರು ಬರದೇ ಹೋಗಬಹುದು. ದಿನವಿಡೀ ನಿಲ್ಲುವವರ ಆ ನೋವು ನಿಜವಾದದ್ದು, ವಿದ್ಯುತ್ ಹರಿಸುವ ಮೆತ್ತನೆಯ ಒಳಹಾಸುಗಳೂ ಸಿಗುತ್ತವೆ, ಅದನ್ನು ಕೊಡಿಸುವುದು ಕಾರ್ಖಾನೆಯ ಹೊಣೆ. ಎರಡು ಕಾಲನ್ನೂ ಒಟ್ಟಿಗೆ ಅಳೆಯುವ ಯಂತ್ರವಿದ್ದರೆ ಕೆಟ್ಟ ಕಾಲನ್ನು ಒಳ್ಳೆಯ ಕಾಲು ಮುಚ್ಚಿಹಾಕುತ್ತದೆ, ಆದ್ದರಿಂದ ಬೇರೆಬೇರೆಯಾಗಿ ಅಳೆಯಬೇಕು. ಕೂತು ಕೆಲಸ ಮಾಡುವವರು ಕಾಲನ್ನು ಕುರ್ಚಿಯ ಅಡ್ಡಪಟ್ಟಿಗೆ ಏರಿಸಿದೊಡನೆ ಬೂಟು ನಿರುಪಯೋಗಿ, ಅದಕ್ಕೇ ಅವರಿಗೆ ಮಣಿಕಟ್ಟನ್ನು ತಂತಿಯಿಂದ ಭೂಮಿಗೆ ಜೋಡಿಸುವ ರಿಸ್ಟ್ ಸ್ಟ್ರ್ಯಾಪ್ ಕಡ್ಡಾಯ.

ಇಷ್ಟೆಲ್ಲ ಸರಿಯಿದ್ದರೂ ಅಟ್ಟೆ ಕಾಯುವುದು ಮನುಷ್ಯನಿಂದ ಚಿಪ್‌ಗೆ ಹೋಗುವ ಹೊಡೆತವನ್ನು ಮಾತ್ರ. ಪ್ಲಾಸ್ಟಿಕ್ ಕೊಳವೆಯಿಂದ ಜಾರಿ ಬಂದ ಚಿಪ್ ತಾನೇ ಚಾರ್ಜ್ ಹೊತ್ತಿರಬಹುದು. ಅದರ ಕಾಲು ಭೂಸಂಪರ್ಕವಿರುವ ಲೋಹಕ್ಕೆ ತಾಗಿದರೆ, ಒಳಗಿನ ಚಾರ್ಜ್ ಕೆಲವೇ ನ್ಯಾನೋಸೆಕೆಂಡಿನಲ್ಲಿ ಹೊರನುಗ್ಗುತ್ತದೆ. ಹತ್ತಿರ ನಿಂತವರ ಬೂಟು ಎಷ್ಟೇ ಒಳ್ಳೆಯದಿದ್ದರೂ ಆ ದಾರಿಯಲ್ಲಿ ಅದು ಬರುವುದೇ ಇಲ್ಲ. ಅಲ್ಲಿ ಬೇಕಾದದ್ದು ಚಾರ್ಜ್ ಹುಟ್ಟಿಸದ ಕೊಳವೆ, ಚಾರ್ಜ್ ಅಳಿಸಲು ಮೇಲಿಂದ ಅಯಾನುಗಳನ್ನು ಊದುವ ಫ್ಯಾನ್, ಮತ್ತು ಚಿಪ್ ತಾಗುವ ಕಡೆ ಲೋಹದ ಬದಲು ವಿದ್ಯುತ್ತನ್ನು ನಿಧಾನವಾಗಿ ಹರಿಯಗೊಡುವ ಮೇಲ್ಮೈ.