ಟರ್ನಿಂಗ್ ರೇಡಿಯಸ್: ಅಳತೆ ಚಕ್ರದ್ದು, ಬಂಪರಿನದಲ್ಲ

ಸ್ಟೀರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ ಹಿಡಿದು ನಿಧಾನವಾಗಿ ಓಡಿಸಿದರೆ ಕಾರು ಒಂದು ಸುತ್ತು ಹಾಕುತ್ತದೆ. ಹೊರಬದಿಯ ಮುಂದಿನ ಚಕ್ರ ನೆಲದ ಮೇಲೆ ಬರೆಯುವ ಆ ವೃತ್ತದ ತ್ರಿಜ್ಯವೇ ಟರ್ನಿಂಗ್ ರೇಡಿಯಸ್. ಸ್ವಿಫ್ಟ್‌ಗೆ ಅದು 4.8 ಮೀಟರ್, ವ್ಯಾಗನ್ ಆರ್‌ಗೆ 4.7. ಕೆಲವರು ತ್ರಿಜ್ಯದ ಬದಲು ವ್ಯಾಸ ಕೊಡುತ್ತಾರೆ. 9.6 ಎಂದು ಕಂಡರೆ ಹೆದರಬೇಡಿ, ಅರ್ಧ ಮಾಡಿ.

ಆದರೆ ಬೆಂಗಳೂರಿನ ಚಿಕ್ಕಪೇಟೆ, ನಗರ್ತಪೇಟೆಯಂಥ ಕಡೆ ಇಕ್ಕಟ್ಟಾದ ಗಲ್ಲಿಗಳಲ್ಲಿ ಗೋಡೆಗೆ ತಾಗುವುದು ಚಕ್ರವಲ್ಲ, ಅದಕ್ಕಿಂತ ಮುಂದೆ ಚಾಚಿರುವ ಬಂಪರಿನ ಮೂಲೆ. ನಾನು ಲೆಕ್ಕ ಹಾಕಿದಂತೆ ಸ್ವಿಫ್ಟಿನ ಆ ಮೂಲೆ ಸುಮಾರು 5.3 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಒಳಬದಿಯ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರದೆ ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಆ ಕಡೆಯ ಮೈ 2.5 ಮೀಟರ್ ತ್ರಿಜ್ಯದಲ್ಲಿರುತ್ತದೆ. ಅಂದರೆ 1.735 ಮೀಟರ್ ಅಗಲದ ಕಾರು ತಿರುಗುವಾಗ 2.8 ಮೀಟರ್ ಪಟ್ಟಿಯನ್ನು ಆಕ್ರಮಿಸುತ್ತದೆ. ಎರಡು ಗಲ್ಲಿ ಲಂಬಕೋನದಲ್ಲಿ ಕೂಡುವಲ್ಲಿ ಒಂದೇ ಸಲಕ್ಕೆ ತಿರುಗಲು ಎರಡೂ ಸುಮಾರು 3 ಮೀಟರ್ ಇರಬೇಕು, ಅದೂ ಗೋಡೆ ಸವರಿಕೊಂಡು ಹೋಗುವಷ್ಟೇ. ಅಳೆಯುವಾಗ ಗೋಡೆಯಿಂದ ಗೋಡೆಗಲ್ಲ, ಜಗಲಿ, ಮೆಟ್ಟಿಲು, ನಿಂತ ಸ್ಕೂಟರು ಬಿಟ್ಟು ಉಳಿದದ್ದನ್ನು ಅಳೆಯಿರಿ. ಕಂಪನಿ ಹೇಳುವ ಅಗಲದಲ್ಲಿ ಕನ್ನಡಿಗಳು ಸೇರಿರುವುದಿಲ್ಲ ಎಂಬುದೂ ನೆನಪಿರಲಿ.

ಎಲ್ಲಿ ತಪ್ಪಿತೆಂದು ಗೀರು ಹೇಳುತ್ತದೆ. ಹಿಂದಿನ ಬಾಗಿಲ ಮೇಲೆ ಗೀರಿದ್ದರೆ ಬೇಗ ತಿರುಗಿಸಿದ್ದೀರಿ. ಹೊರಬದಿಯ ಬಂಪರ್ ಮೂಲೆಯಲ್ಲಿದ್ದರೆ ತಡವಾಗಿ.

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಲೆಕ್ಕ ಬೇರೆ. ಸಾಮಾನ್ಯವಾಗಿ ಕಾಣುವ 2.5 ಮೀಟರ್ ಜಾಗದಲ್ಲಿ ಸ್ವಿಫ್ಟ್ ನಿಂತರೆ 76 ಸೆಂಟಿಮೀಟರ್ ಉಳಿಯುತ್ತದೆ. ಕಂಬ ಎಡಕ್ಕಿದ್ದರೆ ಅಲ್ಲಿ 15 ಬಿಟ್ಟು ನಿಲ್ಲಿಸಿ, ಬಲಕ್ಕೆ 61 ಸಿಗುತ್ತದೆ, ಡ್ರೈವರ್ ಬಾಗಿಲು ತೆರೆದು ಇಳಿಯಬಹುದು. ಎಡಗಡೆಯವರು ಮೊದಲೇ ಇಳಿಯಬೇಕು. ಕಂಬ ಬಲಕ್ಕಿದ್ದರೆ ಅದು ಬಾಗಿಲಿನ ಎದುರಿಗೇ ಬರುತ್ತದೋ ಮುಂದಿನ ಚಕ್ರದ ಬಳಿಯೋ ನೋಡಿ, ಎರಡನೆಯದಾದರೆ ತೊಂದರೆಯಿಲ್ಲ. 1.49 ಮೀಟರ್ ಅಗಲದ ಆಲ್ಟೊ ಕೆ10 ಆದರೆ ಒಂದು ಮೀಟರಿಗೂ ಹೆಚ್ಚು ಉಳಿಯುತ್ತದೆ. ಇಳಿಯುವ ಸುಖಕ್ಕೆ ಅಗಲವೇ ಮುಖ್ಯ. ಟರ್ನಿಂಗ್ ರೇಡಿಯಸ್ ಬೇಕಾಗುವುದು ಒಳಗೆ ಸೇರಿಸುವಾಗ ಮಾತ್ರ.

ಸೇರಿಸುವುದನ್ನು ರಿವರ್ಸಿನಲ್ಲೇ ಮಾಡಿ. ತಿರುಗದ ಹಿಂದಿನ ಚಕ್ರಗಳು ಮೊದಲು ಕಂಬ ದಾಟಿಬಿಡುತ್ತವೆ, ಬೀಸಿ ಬರುವ ಮೂತಿಗೆ ಎದುರಿನ ದಾರಿಯ ಅಗಲ ಪೂರ್ತಿ ಸಿಗುತ್ತದೆ. ಮುಂದುಗಡೆಯಿಂದ ನುಗ್ಗಿಸಿದರೆ ಒಳಕ್ಕೆ ಕತ್ತರಿಸುವ ಹಿಂಬದಿಯೇ ಕಂಬಕ್ಕೆ ಉಜ್ಜುತ್ತದೆ.

ಟೆಸ್ಟ್ ಡ್ರೈವ್‌ಗೆ ಕಾರು ಕೊಟ್ಟಾಗ ಹೆದ್ದಾರಿಗೆ ಹೋಗುವ ಬದಲು ನಿಮ್ಮ ಬೇಸ್‌ಮೆಂಟಿಗೇ ತನ್ನಿ, ಅಕ್ಕಪಕ್ಕದ ಕಾರುಗಳು ನಿಂತಿರುವ ಸಂಜೆ ಹೊತ್ತಿಗೆ. ಹಿಂದೆ ಮುಂದೆ ಮಾಡಿ ಮೂರು ಸಲದೊಳಗೆ ಸೇರಿದರೆ ಸರಿ. ಐದಾರು ಸಲ ಬೇಕಾದರೆ ಆ ಕಾರು ಆ ಜಾಗಕ್ಕಲ್ಲ.